ನಿವೃತ್ತರ ಹಣ: ತಿಂಗಳ ಖರ್ಚಿಗೆ ಬಡ್ಡಿ, ಬೆಲೆ ಏರಿಕೆಗೆ ಸ್ವಲ್ಪ ಷೇರು – ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದಿಂದ ನಿವೃತ್ತರಾಗಿ, ಪಿಎಫ್, ಗ್ರಾಚ್ಯುಟಿ ಎಲ್ಲ ಕೈಗೆ ಬಂದು, ಆ ಇಡುಗಂಟಿನಲ್ಲೇ ಉಳಿದ ಬದುಕು ನಡೆಸಬೇಕಾದವರಿಗಾಗಿ ಇದನ್ನು ಬರೆದಿದ್ದೇನೆ. ಬಡ್ಡಿ ದರ, ತೆರಿಗೆ ನಿಯಮ ಬದಲಾಗುತ್ತಿರುತ್ತವೆ. ಹಣ ಹಾಕುವ ದಿನ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಆ ದಿನದ ದರ ಕೇಳಿಕೊಳ್ಳಿ.

ಬಡ್ಡಿಯಲ್ಲೇ ಮನೆ ಚೆನ್ನಾಗಿ ನಡೆಯುತ್ತಿದೆ. ಈ ವಯಸ್ಸಿನಲ್ಲಿ ಷೇರಿನ ಗೋಜು ಯಾಕೆ?

ಮೊದಲ ಏಳೆಂಟು ವರ್ಷ ನಿಮ್ಮ ಮಾತೇ ಸರಿ ಅನ್ನಿಸುತ್ತದೆ. ತೊಂದರೆ ಕಾಣಿಸುವುದು ಆಮೇಲೆ. ಅಷ್ಟು ಹೊತ್ತಿಗೆ ದಾರಿ ಬದಲಿಸಲು ಸಮಯ ಇರುವುದಿಲ್ಲ. ಹಾಗಾಗಿ ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕೋಣ.

ಗೋಣಿಕೊಪ್ಪಲಿನ ಹತ್ತಿರ ಸ್ವಂತ ಮನೆ ಇರುವ ಒಂದು ದಂಪತಿ ಅಂದುಕೊಳ್ಳಿ. ಗಂಡ ಖಾಸಗಿ ಎಸ್ಟೇಟ್ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದವರು, ವಯಸ್ಸು 61. ಹೆಂಡತಿಗೆ 57. ಕೈಯಲ್ಲಿ 75 ಲಕ್ಷ ಇದೆ. ಪಿಎಫ್ ಕಡೆಯಿಂದ ಬರುವ ಇಪಿಎಸ್ ಪೆನ್ಷನ್ ತಿಂಗಳಿಗೆ 4,000. ಅದಕ್ಕೆ ತುಟ್ಟಿಭತ್ಯೆ ಇಲ್ಲ, ವರ್ಷ ವರ್ಷ ಏರುವುದಿಲ್ಲ. ಮನೆ ಖರ್ಚು ತಿಂಗಳಿಗೆ 35,000. ಅಂದರೆ ಗಂಟಿನಿಂದ ತಿಂಗಳಿಗೆ 31,000, ವರ್ಷಕ್ಕೆ 3.72 ಲಕ್ಷ ಬರಬೇಕು.

ಅವರು ಪೂರ್ತಿ ಹಣವನ್ನು ಬಡ್ಡಿಗೇ ಹಾಕಿದರು ಅನ್ನಿ. ಸೀನಿಯರ್ ಸಿಟಿಜನ್ ಸ್ಕೀಮಿನಲ್ಲಿ 30 ಲಕ್ಷ, ಶೇ. 8.2ರಂತೆ 2.46 ಲಕ್ಷ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ, ಅಂದರೆ ಎಂಐಎಸ್‌ನಲ್ಲಿ ಜಂಟಿಯಾಗಿ 15 ಲಕ್ಷ, ಶೇ. 7.4ರಂತೆ 1.11 ಲಕ್ಷ. ಎರಡರಲ್ಲೂ ಅದೇ ಗರಿಷ್ಠ ಮಿತಿ. ಉಳಿದ 30 ಲಕ್ಷ ಬ್ಯಾಂಕ್ ಎಫ್‌ಡಿಯಲ್ಲಿ, ಶೇ. 6.5 ಅಂತ ಹಿಡಿದರೆ 1.95 ಲಕ್ಷ. ಒಟ್ಟು 5.52 ಲಕ್ಷ ಬಡ್ಡಿ. ಬೇಕಾದದ್ದು 3.72 ಲಕ್ಷ. ವರ್ಷಕ್ಕೆ 1.80 ಲಕ್ಷ ಮಿಕ್ಕುತ್ತದೆ! ಇದನ್ನು ನೋಡಿದವರು ಯಾರು ತಾನೇ ಷೇರಿನ ಮಾತೆತ್ತುತ್ತಾರೆ?

ಈಗ ಖರ್ಚು ವರ್ಷಕ್ಕೆ ಶೇ. 6ರಂತೆ ಏರಲಿ. ಮಿಕ್ಕ ಬಡ್ಡಿಯನ್ನೆಲ್ಲ ಮತ್ತೆ ಅಸಲಿಗೇ ಸೇರಿಸಿದರೂ ಗಂಟು ಎಂಟೊಂಬತ್ತನೇ ವರ್ಷ ಸುಮಾರು 84.5 ಲಕ್ಷ ಮುಟ್ಟಿ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಇಳಿಯಲು ಶುರು. 12 ವರ್ಷಕ್ಕೆ ತಿಂಗಳ ಖರ್ಚು 35,000ದಿಂದ 70,000 ಆಗಿರುತ್ತದೆ. 20ನೇ ವರ್ಷದ ಕೊನೆಗೆ ಉಳಿಯುವುದು ಸುಮಾರು 43 ಲಕ್ಷ. 24ನೇ ವರ್ಷದಲ್ಲಿ ಪೂರ್ತಿ ಖಾಲಿ. ಆಗ ಹೆಂಡತಿಗೆ 80 ವರ್ಷ. ನಾವು ಲೆಕ್ಕ ಹಾಕಬೇಕಾದದ್ದು ಇಬ್ಬರಲ್ಲಿ ಚಿಕ್ಕವರ ಆಯುಷ್ಯಕ್ಕೆ. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಈ ಲೆಕ್ಕದಲ್ಲಿ ಬಡ್ಡಿ ದರ 24 ವರ್ಷವೂ ಇಷ್ಟೇ ಇರುತ್ತದೆ ಅಂತ ಹಿಡಿದಿದ್ದೇನೆ. ನಿಜದಲ್ಲಿ ಹಾಗಿರುವುದಿಲ್ಲ. ಸೀನಿಯರ್ ಸಿಟಿಜನ್ ಸ್ಕೀಮಿನ ದರ 2020ರ ಏಪ್ರಿಲ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಶೇ. 7.4 ಇತ್ತು. 30 ಲಕ್ಷದ ಮೇಲೆ ಅದು ವರ್ಷಕ್ಕೆ 24,000 ಕಡಿಮೆ. ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗುವುದಿಲ್ಲ ನಿಜ. ಆದರೆ ಮುಂದುವರಿಸುವಾಗ ಆ ದಿನದ ದರವೇ ಗತಿ.

ಅದೇ ದಂಪತಿ ಸ್ವಲ್ಪ ಷೇರು ಇಟ್ಟುಕೊಂಡರೆ ಏನಾಗುತ್ತದೆ?

75 ಲಕ್ಷದಲ್ಲಿ 25 ಲಕ್ಷ, ಅಂದರೆ ಮೂರನೇ ಒಂದು ಭಾಗ ಷೇರಿಗೆ ಹೋಗಲಿ. ಸೀನಿಯರ್ ಸಿಟಿಜನ್ ಸ್ಕೀಮಿನ 30, ಎಂಐಎಸ್‌ನ 15 ಹಾಗೇ ಇರಲಿ. ಎಫ್‌ಡಿ ಮಾತ್ರ 30ರಿಂದ 5 ಲಕ್ಷಕ್ಕೆ ಇಳಿಯುತ್ತದೆ. ಬಡ್ಡಿ ಒಟ್ಟು ಸುಮಾರು 3.90 ಲಕ್ಷ. ಮೊದಲ ವರ್ಷಕ್ಕೆ ಬೇಕಾದ 3.72 ಲಕ್ಷ ಅದರಲ್ಲೇ ಬಂತು, ಷೇರು ಮುಟ್ಟಬೇಕಾಗಿಲ್ಲ.

ಷೇರಿನ ಭಾಗ ಸರಾಸರಿ ಶೇ. 10ರಂತೆ ಬೆಳೆದು, ವರ್ಷಕ್ಕೊಮ್ಮೆ ಮೂರನೇ ಒಂದು ಭಾಗಕ್ಕೆ ಸರಿಮಾಡುತ್ತಾ ಹೋದರೆ, 20ನೇ ವರ್ಷದ ಕೊನೆಗೆ ಸುಮಾರು 86 ಲಕ್ಷ ಇರುತ್ತದೆ. ಮೊದಲ ದಾರಿಯಲ್ಲಿ 43 ಇತ್ತು, ಅದರ ಎರಡರಷ್ಟು. ಹಣ ಮುಗಿಯುವುದು 28ನೇ ವರ್ಷದಲ್ಲಿ. ನಾಲ್ಕು ವರ್ಷ ಮಾತ್ರ ಜಾಸ್ತಿ ಅನ್ನಿಸಬಹುದು. ಆದರೆ 80 ದಾಟಿದ ಒಂಟಿ ಹೆಂಗಸಿಗೆ ಆ ನಾಲ್ಕು ವರ್ಷ ಎಷ್ಟು ದೊಡ್ಡದು ಅಂತ ಯೋಚಿಸಿ. ನಡುವೆ ಮೈಸೂರಿನ ಆಸ್ಪತ್ರೆಗೆ ಓಡಬೇಕಾಗಿ ಬಂದರೂ ಕೈಯಲ್ಲಿ ಹಣ ಇರುತ್ತದೆ.

ಶೇ. 10 ಅನ್ನುವುದು ಊಹೆ, ಯಾರೂ ಅದಕ್ಕೆ ಗ್ಯಾರಂಟಿ ಕೊಡಲಾರರು. ಷೇರು ಎಫ್‌ಡಿಯಷ್ಟೇ ಕೊಟ್ಟರೆ ಫಲ ಹೆಚ್ಚು ಕಡಿಮೆ ಮೊದಲ ದಾರಿಯಷ್ಟೇ. ಅದಕ್ಕಿಂತಲೂ ಕಡಿಮೆ ಕೊಟ್ಟರೆ ಮೊದಲ ದಾರಿಯೇ ಮೇಲು. ಈ ಅಪಾಯ ಇದೆ ಅಂತ ಗೊತ್ತಿದ್ದೇ ಮೂರನೇ ಒಂದು ಭಾಗಕ್ಕೆ ನಿಲ್ಲಿಸಿರುವುದು.

ಎಷ್ಟು ಭಾಗ ಷೇರಿಗೆ ಅಂತ ತೀರ್ಮಾನಿಸುವುದು ಹೇಗೆ? ನೂರರಿಂದ ವಯಸ್ಸು ಕಳೆದರೆ ಸಾಕಲ್ವಾ?

ಆ ಸೂತ್ರಕ್ಕೆ ನಿಮ್ಮ ಖರ್ಚು ಗೊತ್ತಿಲ್ಲ, ನಿಮ್ಮ ಪೆನ್ಷನ್ ಗೊತ್ತಿಲ್ಲ. ನಾನು ಹೇಳುವ ದಾರಿ ಉಲ್ಟಾ. ಮೊದಲು ಖರ್ಚಿನಿಂದ ಪೆನ್ಷನ್ ಕಳೆಯಿರಿ. ಉಳಿದದ್ದು ಬಡ್ಡಿಯಿಂದಲೇ ಬರುವಷ್ಟು ಹಣವನ್ನು ಸರ್ಕಾರಿ ಯೋಜನೆಗಳಲ್ಲಿ, ಬ್ಯಾಂಕಿನಲ್ಲಿ ಇಡಿ. ಇವತ್ತಿನ ಖರ್ಚು ಷೇರಿನ ಹಂಗಿಲ್ಲದೆ ನಡೆಯಬೇಕು. ಆಮೇಲೆ ಉಳಿದದ್ದು ಎಷ್ಟೋ, ಷೇರಿಗೆ ಹೋಗಬಹುದಾದ ಹಣ ಹೆಚ್ಚೆಂದರೆ ಅಷ್ಟು. ನಮ್ಮ ದಂಪತಿಗೆ 25 ಲಕ್ಷ ಬಂದದ್ದು ಹೀಗೆ.

ಹೀಗೆ ಮಾಡಿದಾಗ ಯಾರಿಗಾದರೂ ಅರ್ಧಕ್ಕಿಂತ ಜಾಸ್ತಿ ಉಳಿದರೆ, ನನ್ನ ಸಲಹೆ ಶೇ. 40ರ ಹತ್ತಿರ ನಿಲ್ಲಿಸಿ. ನಿವೃತ್ತಿಯ ನಂತರ ಗಂಟು ಅರ್ಧಕ್ಕೆ ಇಳಿದದ್ದನ್ನು ನೋಡಿಕೊಂಡು ಸುಮ್ನೆ ಕೂರುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ. ಹೆದರಿ ತಳದಲ್ಲಿ ಮಾರಿದರೆ ಲೆಕ್ಕವೆಲ್ಲ ಕೈಕೊಡುತ್ತದೆ.

ಹಣ ತಿಂಗಳು ತಿಂಗಳು ಕೈಗೆ ಬರುವುದು ಹೇಗೆ? ಸೀನಿಯರ್ ಸಿಟಿಜನ್ ಸ್ಕೀಮಿನದು ಮೂರು ತಿಂಗಳಿಗೊಮ್ಮೆ ತಾನೇ?

ಹೌದು. 30 ಲಕ್ಷಕ್ಕೆ 61,500 ರೂಪಾಯಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ 1ನೇ ತಾರೀಕಿನ ಲೆಕ್ಕಕ್ಕೆ ಬರುತ್ತದೆ. ಪಾಸ್‌ಬುಕ್‌ನಲ್ಲಿ ಒಂದೇ ಸಲ 61,500 ಕಂಡಾಗ ಕೈ ಸಡಿಲವಾಗುತ್ತದೆ, ಮೂರನೇ ತಿಂಗಳು ಬಿಗಿಯಾಗುತ್ತದೆ. ಇದು ಕೊಡಗಿನಲ್ಲಿ ಇನ್ನೂ ಜಾಸ್ತಿ ಕಾಡುವುದು ಮೇ, ಜೂನ್‌ನಲ್ಲಿ. ಹೆಂಚು ಸರಿಮಾಡಿಸುವುದು, ಸೌದೆ, ಮಳೆಗಾಲದ ದಿನಸಿ ಎಲ್ಲ ಆಗಲೇ. ಜುಲೈ ಬಡ್ಡಿ ಬರುವುದು ಅದು ಮುಗಿದ ಮೇಲೆ.

ಪರಿಹಾರ ಸುಲಭ. ಬಡ್ಡಿಗಳೆಲ್ಲ ಒಂದು ಉಳಿತಾಯ ಖಾತೆಗೆ ಬಂದು ಬೀಳಲಿ. ಅಲ್ಲಿಂದ ಖರ್ಚಿನ ಖಾತೆಗೆ ಪ್ರತಿ ತಿಂಗಳು 31,000 ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ನಮ್ಮ ದಂಪತಿಗೆ ಎಂಐಎಸ್‌ನಿಂದ 9,250, ಸೀನಿಯರ್ ಸಿಟಿಜನ್ ಸ್ಕೀಮಿನ ಮೂರನೇ ಒಂದು ಭಾಗ 20,500, ಎಫ್‌ಡಿಯ ಬಡ್ಡಿ ಸುಮಾರು 2,700. ಒಟ್ಟು 32,450. ಸ್ವಲ್ಪ ಮಿಕ್ಕಿ ಸಾಲುತ್ತದೆ. ಶುರುವಿನಲ್ಲಿ ಮಾತ್ರ ಆ ಮೊದಲ ಖಾತೆಯಲ್ಲಿ ಮೂರು ತಿಂಗಳ ಖರ್ಚು ಇಟ್ಟಿರಬೇಕು.

ಮಾರ್ಕೆಟ್ ಬಿದ್ದರೆ ಗತಿ ಏನು?

ಬಿದ್ದೇ ಬೀಳುತ್ತದೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು, ಅದೇ ವರ್ಷದ ಅಕ್ಟೋಬರ್‌ನಲ್ಲಿ 8,000ದ ಹತ್ತಿರ ಬಂತು. ಆ ಹಳೆಯ ಎತ್ತರವನ್ನು ಗಟ್ಟಿಯಾಗಿ ದಾಟಿದ್ದು 2013ರ ಕೊನೆಗೆ. 2020ರ ಕೊರೊನಾ ಸಮಯದಲ್ಲೂ ಎರಡು ತಿಂಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯಿತು, ಆದರೆ ಅದೇ ವರ್ಷ ಮೇಲೆ ಬಂತು. ಯಾವುದು ಹೇಗೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಐದಾರು ವರ್ಷ ಷೇರು ಮಾರದೆ ಇರುವಂತೆ ನಮ್ಮ ವ್ಯವಸ್ಥೆ ಇರಬೇಕು.

ಐದು ವರ್ಷದ ಖರ್ಚು ಎಫ್‌ಡಿಯಲ್ಲಿ ಇಡಬೇಕು ಅಂತ ಹಲವರು ಹೇಳುತ್ತಾರೆ. ನಮ್ಮ ದಂಪತಿಗೆ ಅದು 20 ಲಕ್ಷ ದಾಟುತ್ತದೆ, ಷೇರಿಗೆ ಹೆಚ್ಚೇನೂ ಉಳಿಯುವುದಿಲ್ಲ. ಅಷ್ಟು ಬೇಕಾಗಿಲ್ಲ. ಮಾರ್ಕೆಟ್ ಬಿದ್ದರೂ ಅಂಚೆ ಕಚೇರಿಯ ಬಡ್ಡಿ ನಿಲ್ಲುವುದಿಲ್ಲವಲ್ಲ! ಖರ್ಚಿಗೂ ಬಡ್ಡಿಗೂ ನಡುವೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನು ಮಾತ್ರ ಮೀಸಲಿನಿಂದ ತುಂಬಬೇಕು.

ಅವರ ಬಡ್ಡಿ 3.90 ಲಕ್ಷ. ಎರಡನೇ ವರ್ಷ ಗಂಟಿನಿಂದ ಬೇಕಾದದ್ದು 3.97 ಲಕ್ಷ, ಕೊರತೆ ಬರೀ 7,000ದಷ್ಟು. ಮೂರನೇ ವರ್ಷ 34,000. ನಾಲ್ಕನೇ ವರ್ಷ 62,000. ಐದನೆಯದು 92,000, ಆರನೆಯದು 1.24 ಲಕ್ಷ. ಐದೂ ವರ್ಷ ಸೇರಿ ಸುಮಾರು 3.2 ಲಕ್ಷ. ಆ 5 ಲಕ್ಷದ ಎಫ್‌ಡಿ ಇರುವುದು ಇದಕ್ಕೇ. ನಿವೃತ್ತರಾದ ಮಾರನೇ ವರ್ಷವೇ ಮಾರ್ಕೆಟ್ ಕುಸಿದು ಐದು ವರ್ಷ ಮೇಲೇಳದಿದ್ದರೂ ಅವರು ಒಂದು ಯೂನಿಟ್ ಕೂಡ ಮಾರಬೇಕಾಗಿಲ್ಲ, ಆಸ್ಪತ್ರೆಗೆ ಅಂತ ಸ್ವಲ್ಪ ಮಿಗುತ್ತದೆ ಕೂಡ.

ಈ ಮೀಸಲನ್ನು ಒಂದೇ ಎಫ್‌ಡಿ ಮಾಡಬೇಡಿ, ಒಂದೊಂದು ಲಕ್ಷದ ಐದು ಮಾಡಿ. ಬೇಕಾದಾಗ ಒಂದನ್ನು ಮುರಿದರೆ ಸಾಕು. ಸೀನಿಯರ್ ಸಿಟಿಜನ್ ಸ್ಕೀಮನ್ನೇ ಮೀಸಲು ಅಂದುಕೊಳ್ಳಬೇಡಿ. ಒಂದು ವರ್ಷದ ಮೇಲೆ, ಎರಡು ವರ್ಷದ ಒಳಗೆ ಮುಚ್ಚಿದರೆ ಅಸಲಿನಲ್ಲಿ ಶೇ. 1.5, ಆಮೇಲೆ ಮುಚ್ಚಿದರೆ ಶೇ. 1 ಕಡಿತ. ಒಂದು ವರ್ಷದ ಒಳಗಾದರೆ ಬಡ್ಡಿಯೇ ಇಲ್ಲ.

ಷೇರು ಅಂದರೆ ಯಾವುದನ್ನು ಕೊಳ್ಳಬೇಕು? ಒಂದೇ ಸಲ ಹಾಕಬಹುದಾ?

ಬಿಡಿ ಷೇರುಗಳು ಬೇಡ. ನಿಫ್ಟಿ 50 ಇಂಡೆಕ್ಸ್ ಫಂಡ್ ಒಂದು ಸಾಕು. ದೇಶದ 50 ದೊಡ್ಡ ಕಂಪನಿಗಳಲ್ಲಿ ಹಣ ಹಂಚಿಕೊಂಡಿರುತ್ತದೆ, ಖರ್ಚಿನ ಕಡಿತ ಕಡಿಮೆ, ಮ್ಯಾನೇಜರ್ ಬದಲಾದನೇ ಅಂತ ನೋಡುತ್ತಾ ಕೂರಬೇಕಾಗಿಲ್ಲ. ಅರ್ಜಿಯಲ್ಲಿ ಏಜೆಂಟ್ ಕಮಿಷನ್ ಇಲ್ಲದ ‘ಡೈರೆಕ್ಟ್’, ಲಾಭ ಫಂಡಿನ ಒಳಗೇ ಉಳಿದು ಬೆಳೆಯುವ ‘ಗ್ರೋತ್’ ಎರಡನ್ನೂ ಗುರುತು ಹಾಕಿ. ಡಿವಿಡೆಂಡ್ ಆಯ್ಕೆ ತೆಗೆದುಕೊಂಡರೆ ನಿಮ್ಮದೇ ಹಣ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ, ಅಷ್ಟೂ ನಿಮ್ಮ ಆದಾಯಕ್ಕೆ ಸೇರಿ ತೆರಿಗೆಗೆ ಬರುತ್ತದೆ. ಹೆಸರು ಇಬ್ಬರದ್ದೂ ಇರಲಿ, ನಾಮಿನಿಯೂ ಇರಲಿ.

25 ಲಕ್ಷವನ್ನು ಮೊದಲು ಅದೇ ಫಂಡ್ ಕಂಪನಿಯ, ಹೆಚ್ಚು ಏರಿಳಿತ ಇಲ್ಲದ ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ತಿಂಗಳಿಗೆ ಒಂದು ಲಕ್ಷದಂತೆ ಇಂಡೆಕ್ಸ್ ಫಂಡಿಗೆ ಕಳಿಸಿ. ಇದಕ್ಕೆ ಎಸ್‌ಟಿಪಿ ಅನ್ನುತ್ತಾರೆ. ಎರಡು ವರ್ಷ ಚಿಲ್ಲರೆ ಹಿಡಿಯುತ್ತದೆ. ಮಾರ್ಕೆಟ್ ಏರುತ್ತಲೇ ಹೋದರೆ ಸ್ವಲ್ಪ ಲಾಭ ತಪ್ಪಿಹೋಗುತ್ತದೆ, ಹೋಗಲಿ. ಜೀವಮಾನದಲ್ಲಿ ಮೊದಲ ಸಲ ಷೇರಿಗೆ ಕಾಲಿಟ್ಟವರು ಮೊದಲ ತಿಂಗಳೇ ಐದು ಲಕ್ಷ ಕಳೆದುಕೊಂಡರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಮ್ಯೂಚುವಲ್ ಫಂಡಿನಿಂದಲೇ ತಿಂಗಳಿಗೆ 20,000 ಬರುವಂತೆ ಎಸ್‌ಡಬ್ಲ್ಯುಪಿ ಮಾಡಿಕೊಡುತ್ತೇನೆ ಅಂತ ಏಜೆಂಟ್ ಹೇಳುತ್ತಾರೆ. ಅದು ಪೆನ್ಷನ್ ಥರ ಅಲ್ವಾ?

ಅಲ್ಲ. ಅದು ಪ್ರತಿ ತಿಂಗಳು ನಿಮ್ಮ ಯೂನಿಟ್ ಮಾರಿ ನಿಮಗೇ ಕೊಡುವುದು. ಷೇರು ಫಂಡಿನಲ್ಲಿ 25 ಲಕ್ಷ ಇಟ್ಟು ತಿಂಗಳಿಗೆ 20,000 ತೆಗೆದರೆ ವರ್ಷಕ್ಕೆ 2.4 ಲಕ್ಷ, ಶೇ. 10ರ ಹತ್ತಿರ. ಮಾರ್ಕೆಟ್ ಶೇ. 35 ಇಳಿದರೆ ಗಂಟು 16.25 ಲಕ್ಷ. ಈಗ ಅದೇ 2.4 ಲಕ್ಷ ಅಂದರೆ ಶೇ. 15. ಬೆಲೆ ಕಡಿಮೆ ಇರುವಾಗ ಪ್ರತಿ ತಿಂಗಳು ಜಾಸ್ತಿ ಯೂನಿಟ್ ಮಾರಿಹೋಗುತ್ತವೆ. ಆಮೇಲೆ ಮಾರ್ಕೆಟ್ ಏರಿದಾಗ ಏರಲು ನಿಮ್ಮ ಹತ್ತಿರ ಯೂನಿಟ್‌ಗಳೇ ಉಳಿದಿರುವುದಿಲ್ಲ. ಎಸ್‌ಡಬ್ಲ್ಯುಪಿ ಕೆಟ್ಟದ್ದಲ್ಲ, ಷೇರಿನಿಂದ ತಿಂಗಳ ಅಕ್ಕಿ ಸಾಮಾನಿನ ಹಣ ತೆಗೆಯುವುದು ಕೆಟ್ಟದ್ದು.

ನಮಗೆ ಕಾಫಿ ತೋಟವೇ ಇದೆ. ಬೆಲೆ ಏರಿಕೆಗೆ ಅದೇ ಸಾಕಲ್ವಾ?

ತೋಟದ ಆದಾಯ ಏರುತ್ತದೆ, ಆದರೆ ಖರ್ಚಿನ ಜೊತೆಜೊತೆಗೆ ಏರುವುದಿಲ್ಲ. 2000ದ ಶುರುವಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದ್ದು, ಆಮೇಲೆ ಎಷ್ಟೋ ವರ್ಷ ಆಳಿನ ಕೂಲಿ, ಗೊಬ್ಬರ ಮಾತ್ರ ಏರುತ್ತಾ ಹೋದದ್ದು, 2024ರ ಹೊತ್ತಿಗೆ ರೊಬಸ್ಟಾ ಜಿಗಿದದ್ದು ನಮ್ಮಲ್ಲಿ ಎಲ್ಲರಿಗೂ ನೆನಪಿದೆ. ಬೆಲೆ ಚೆನ್ನಾಗಿದ್ದ ವರ್ಷ ಹೂಮಳೆ ಕೈಕೊಡಬಹುದು. ಹೂಮಳೆ ಸರಿಯಾಗಿ ಬಿದ್ದರೂ ಬ್ಯಾಕಿಂಗ್ ಮಳೆ ಬರದೆ ಹೋಗಬಹುದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ತೋಟಕ್ಕೆ ತೋಟವೇ ಜಾರಿಹೋಗಿದ್ದನ್ನೂ ನೋಡಿದ್ದೇವೆ.

ಇನ್ನೊಂದು ತೊಂದರೆ ಇದೆ. 78ನೇ ವಯಸ್ಸಿನಲ್ಲಿ ಎರಡು ಲಕ್ಷ ಬೇಕಾದರೆ ತೋಟದ ಒಂದು ಮೂಲೆ ಮಾರಲು ಆಗುವುದಿಲ್ಲ. ಜಮ್ಮಾ ಜಾಗವಾದರಂತೂ ಆರ್‌ಟಿಸಿಯಲ್ಲಿ ಪಟ್ಟೇದಾರರ ಜೊತೆ ಕುಟುಂಬದವರ ಹಕ್ಕೂ ಇರುತ್ತದೆ. ಇಂಡೆಕ್ಸ್ ಫಂಡಿನ ಯೂನಿಟ್ ಮಾರಿದರೆ ಎರಡು ಮೂರು ಕೆಲಸದ ದಿನದಲ್ಲಿ ಹಣ ಖಾತೆಗೆ ಬರುತ್ತದೆ.

ಹಾಗಂತ ತೋಟವನ್ನು ಲೆಕ್ಕಕ್ಕೇ ಇಡಬೇಡಿ ಅನ್ನುತ್ತಿಲ್ಲ. ತಿಂಗಳ ಖರ್ಚಿಗೆ ಅದನ್ನು ನಂಬಬೇಡಿ ಅಷ್ಟೇ. ಒಂದೆರಡು ಎಕರೆ ರೊಬಸ್ಟಾ, ಮರಕ್ಕೆ ಹಬ್ಬಿದ ಕರಿಮೆಣಸು ಇದ್ದವರಿಗೆ ಒಳ್ಳೆಯ ವರ್ಷ ಬಂದ ಹಣದಲ್ಲಿ ಮೊದಲು ತೋಟದ ಮುಂದಿನ ವರ್ಷದ ಖರ್ಚು ತೆಗೆದಿಡಿ, ಆಮೇಲೆ ಮೀಸಲಿನ ಎಫ್‌ಡಿ ತುಂಬಿಸಿ. ಬೆಲೆ ಇನ್ನೂ ಏರಲಿ ಅಂತ ಚೆರಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯವೂ ಮೀಸಲು ತುಂಬಿದ್ದರೆ ಮಾತ್ರ ಬರುತ್ತದೆ.

ನನ್ನದು ಮಿಲಿಟರಿ ಪೆನ್ಷನ್. ನನಗೂ ಇದೇ ಲೆಕ್ಕವಾ?

ಅಲ್ಲ, ನಿಮ್ಮದು ಬೇರೆ. ನಿಮ್ಮ ಪೆನ್ಷನ್‌ಗೆ ತುಟ್ಟಿ ಪರಿಹಾರ ಇದೆ, ಜನವರಿ ಮತ್ತು ಜುಲೈ ಲೆಕ್ಕದಲ್ಲಿ ವರ್ಷಕ್ಕೆರಡು ಸಲ ಪರಿಷ್ಕರಣೆ ಆಗುತ್ತದೆ. ಬೆಲೆ ಏರಿಕೆಯ ಬಹುಪಾಲು ಅಲ್ಲೇ ಸರಿಹೋಯಿತು. ಖರ್ಚೆಲ್ಲ ಪೆನ್ಷನ್‌ನಲ್ಲೇ ನಡೆದರೆ ನಿಮಗೆ ಷೇರು ಇಲ್ಲದೆಯೂ ನಡೆಯುತ್ತದೆ. ಇಟ್ಟರೂ ಬಿದ್ದಾಗ ಕಾಯುವ ಶಕ್ತಿ ನಿಮಗಿದೆ.

ನೋಡಬೇಕಾದದ್ದು ಹೆಂಡತಿಯ ಪಾಲು. ಸಾಮಾನ್ಯ ಕುಟುಂಬ ಪೆನ್ಷನ್ ಕೊನೆಯ ಸಂಬಳದ ಶೇ. 30ರ ಲೆಕ್ಕಕ್ಕೆ ಬರುತ್ತದೆ, ನಿಮ್ಮದು ಶೇ. 50ರ ಲೆಕ್ಕ. ಅಂದರೆ ಮನೆಗೆ ಬರುವ ಹಣ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ, ಖರ್ಚು ಅಷ್ಟು ಇಳಿಯುವುದಿಲ್ಲ. ಆ ಕೊರತೆಗೆ ಅಂತಲೇ ಅವರ ಹೆಸರಿನಲ್ಲಿ ಗಂಟು ಬೆಳೆಯಲು ಬಿಡಿ. ಅದರಲ್ಲಿ ಷೇರು ಇದ್ದರೆ ಅರ್ಥ ಇದೆ.

ತೆರಿಗೆ ಎಷ್ಟು ಹೋಗುತ್ತದೆ?

ನಮ್ಮ ದಂಪತಿಯಷ್ಟು ಬಡ್ಡಿಗೆ ಹೊಸ ಪದ್ಧತಿಯಲ್ಲಿ ಏನೂ ಇಲ್ಲ. 2025-26ರಿಂದ ಅಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದೆ. ಆದರೆ ಆ ರಿಯಾಯಿತಿ ಷೇರಿನ ಲಾಭಕ್ಕೆ ಸಿಗುವುದಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟು ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದಕ್ಕೆ ಮೇಲಿನದಕ್ಕೆ ಶೇ. 12.5. ವರ್ಷದ ಒಳಗೆ ಮಾರಿದರೆ ಶೇ. 20. ತೆರಿಗೆ ಬರುವಷ್ಟು ಆದಾಯ ಇಲ್ಲದವರು ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿಗೂ ಅಂಚೆ ಕಚೇರಿಗೂ ಟಿಡಿಎಸ್ ಹಿಡಿಯಬೇಡಿ ಅನ್ನುವ ಘೋಷಣೆಯ ಫಾರಂ ಕೊಡಿ. ಇಲ್ಲದಿದ್ದರೆ ಕಡಿತವಾದ ಹಣಕ್ಕೆ ರಿಟರ್ನ್ ಹಾಕಿ ಕಾಯಬೇಕು.

ವರ್ಷಕ್ಕೊಮ್ಮೆ ಸರಿಮಾಡುವುದು ಅಂದರೆ ಏನು ಮಾಡಬೇಕು?

ಏಪ್ರಿಲ್‌ನಲ್ಲಿ ಒಂದು ದಿನ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಬಡ್ಡಿಯ ಕಡೆ ಎಷ್ಟಿದೆ, ಷೇರಿನ ಕಡೆ ಎಷ್ಟಿದೆ, ಈ ವರ್ಷ ಕೊರತೆ ಎಷ್ಟು.

ಷೇರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಗಿದ್ದರೆ ಜಾಸ್ತಿಯಾದಷ್ಟನ್ನು ಮಾರಿ. ಅದರಲ್ಲಿ ಮೊದಲು ಈ ವರ್ಷದ ಕೊರತೆ, ಆಮೇಲೆ ಮೀಸಲು, ಉಳಿದದ್ದು ಬಡ್ಡಿಯ ಕಡೆಗೆ. ಷೇರು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಮಾರಬೇಡಿ, ಕೊರತೆಯನ್ನು ಮೀಸಲಿನಿಂದ ತೆಗೆಯಿರಿ. ಟಿವಿಯಲ್ಲಿ ಯಾರು ಏನು ಹೇಳಿದರೂ ವರ್ಷದ ನಡುವೆ ಕೈ ಹಾಕಬೇಡಿ.

ನಮ್ಮ ದಂಪತಿಗೆ ಒಂದು ಅನುಕೂಲ ಕಾದಿದೆ. ಮೂರು ವರ್ಷದಲ್ಲಿ ಹೆಂಡತಿಗೆ 60 ತುಂಬುತ್ತದೆ. ಆಗ ಅವರು ತಮ್ಮದೇ ಹೆಸರಿನಲ್ಲಿ ಬೇರೆ ಸೀನಿಯರ್ ಸಿಟಿಜನ್ ಖಾತೆ ತೆರೆಯಬಹುದು, ಅದಕ್ಕೂ 30 ಲಕ್ಷದ ಮಿತಿ. ಷೇರಿನಿಂದ ಇಳಿಸಿದ ಹಣಕ್ಕೆ ಅದೇ ಒಳ್ಳೆಯ ಜಾಗ. ಒಂದೊಂದು ವರ್ಷ ಒಂದೊಂದು ಖಾತೆ ಮಾಡಿದರೆ ಎಲ್ಲದರ ದರವೂ ಒಂದೇ ಸಲ ಇಳಿಯುವ ಭಯ ಕಡಿಮೆ.

ನಮ್ಮ ಹತ್ತಿರ ಇರುವುದು 25 ಲಕ್ಷ ಮಾತ್ರ, ವರ್ಷಕ್ಕೆ 3 ಲಕ್ಷ ಬೇಕು. ಷೇರಿಗೆ ಜಾಸ್ತಿ ಹಾಕಿದರೆ ಸರಿಹೋಗುತ್ತದಾ?

ಇಲ್ಲ. ವರ್ಷಕ್ಕೆ ಗಂಟಿನ ಶೇ. 12 ತೆಗೆಯುವಾಗ ಷೇರು ಕಾಪಾಡುವುದಿಲ್ಲ, ಬೀಳುವ ಒಂದು ವರ್ಷ ಬಂದರೆ ಬೇಗ ಮುಗಿಸುತ್ತದೆ. ತಿಂಗಳಿಗೆ ಎರಡು ಪರ್ಸೆಂಟ್ ಕೊಡುತ್ತೇನೆ ಅನ್ನುವವರು, ಚೀಟಿ ನಡೆಸುವವರು, ಹತ್ತು ವರ್ಷ ಪ್ರೀಮಿಯಂ ಕಟ್ಟಿಸುವ ಇನ್ಶೂರೆನ್ಸ್ ತರುವವರು ಹುಡುಕಿಕೊಂಡು ಬರುವುದು ಇಂಥ ಮನೆಗೇ. 60 ದಾಟಿದವರು ಪೂರ್ತಿ 25 ಲಕ್ಷವನ್ನು ಸೀನಿಯರ್ ಸಿಟಿಜನ್ ಸ್ಕೀಮಿಗೆ ಹಾಕಿದರೆ 2.05 ಲಕ್ಷ ಬರುತ್ತದೆ. ಉಳಿದ 95,000ಕ್ಕೆ ದಾರಿ ಮನೆಯಲ್ಲೇ ಹುಡುಕಬೇಕು: ಒಂದು ಕೋಣೆ ಬಾಡಿಗೆಗೆ ಕೊಡುವುದು, ಇನ್ನು ಕೆಲವು ವರ್ಷ ಲೆಕ್ಕಪತ್ರದ ಕೆಲಸವೋ ತೋಟದ ಮೇಲ್ವಿಚಾರಣೆಯೋ ಮಾಡುವುದು, ಮಕ್ಕಳ ಹತ್ತಿರ ಬಾಯಿಬಿಟ್ಟು ಕೇಳುವುದು. ಆ ಸಂಪಾದನೆ ಶುರುವಾಗಿ, ಬಡ್ಡಿಯಲ್ಲಿ ಸ್ವಲ್ಪ ಮಿಗುವ ಹಾಗಾದರೆ ಆ ಮಿಗುವ ಹಣದಲ್ಲಿ ತಿಂಗಳಿಗೆ ಸಾವಿರದ ಎಸ್‌ಐಪಿ ಶುರುಮಾಡಬಹುದು. ಅಲ್ಲಿಯವರೆಗೆ ಅಸಲನ್ನು ಷೇರಿನ ಕಡೆ ಕಳಿಸಬೇಡಿ.